ನಿಧಾನವಾಗಿ ಹೇಳಿದರೆ ಸಾಕೇ?

"ಸರ್, ತುಂಬಾ ಫಾಸ್ಟ್ ಆಗ್ತಿದೆ." ಮೊದಲ ಪಿಯುಸಿಗೆ ಕೆಮಿಸ್ಟ್ರಿ ಪಾಠ ಮಾಡುವ ಯಾರಿಗೂ ಈ ಮಾತು ಹೊಸದಲ್ಲ. ಜೂನ್‌ನಲ್ಲಿ ಶುರುವಾಗುತ್ತದೆ, ಆಗಸ್ಟ್ ಹೊತ್ತಿಗೆ ನಿಂತುಹೋಗುತ್ತದೆ. ಪಾಠ ಅರ್ಥ ಆಗತೊಡಗಿತು ಅಂತಲ್ಲ. ಹೇಳಿ ಪ್ರಯೋಜನ ಇಲ್ಲ ಅಂತ ಮಕ್ಕಳಿಗೆ ಗೊತ್ತಾಗಿರುತ್ತದೆ, ಅಷ್ಟೇ.

ಈ ದೂರಿಗೆ ನಮ್ಮಲ್ಲಿ ಹೆಚ್ಚಿನವರ ಉಪಾಯ ಒಂದೇ. ಮಾತಿನ ವೇಗ ಇಳಿಸುವುದು. ಪದಪದವನ್ನೂ ಎಳೆದು ಹೇಳುವುದು, ಹೇಳಿದ್ದನ್ನೇ ಇನ್ನೊಂದು ಸಲ ಹೇಳುವುದು. ಇದರಿಂದ ಆಗುವ ಲಾಭ ಕಡಿಮೆ, ಕೆಲವು ಕಡೆ ನಷ್ಟವೇ ಜಾಸ್ತಿ ಅಂತ ನನಗನಿಸುತ್ತದೆ. ಯಾಕೆ ಅಂತ ಹೇಳೋಕೆ ಒಂದು ಲೆಕ್ಕ ಇಟ್ಟುಕೊಳ್ಳೋಣ. ಲಿಮಿಟಿಂಗ್ ರೀಏಜೆಂಟ್ ಲೆಕ್ಕ, ಅಂದ್ರೆ ಕ್ರಿಯೆಯಲ್ಲಿ ಯಾವ ವಸ್ತು ಮೊದಲು ಮುಗಿಯುತ್ತದೆ ಅಂತ ಹುಡುಕುವುದು. ಕೆಮಿಸ್ಟ್ರಿ ಮರೆತವರೂ ಹೆದರಬೇಕಿಲ್ಲ, ಇದರಲ್ಲಿ ಇರುವುದು ಗುಣಾಕಾರ, ಭಾಗಾಕಾರ ಮಾತ್ರ. ಮೋಲ್ ಅಂದ್ರೆ ಡಜನ್ ಥರ ಕಣಗಳನ್ನು ಎಣಿಸುವ ಒಂದು ಅಳತೆ, ಒಂದು ಮೋಲ್ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದೇ ಮೋಲಾರ್ ಮಾಸ್.

ನೈಟ್ರೋಜನ್ ಮತ್ತು ಹೈಡ್ರೋಜನ್ ಸೇರಿ ಅಮೋನಿಯ ಆಗುತ್ತದೆ: N₂ + 3H₂ → 2NH₃. 14 ಗ್ರಾಂ ನೈಟ್ರೋಜನ್, 4 ಗ್ರಾಂ ಹೈಡ್ರೋಜನ್ ಕೊಟ್ಟಿದ್ದೇವೆ. ಯಾವುದು ಮೊದಲು ಮುಗಿಯುತ್ತದೆ? ಎಷ್ಟು ಅಮೋನಿಯ ಬರುತ್ತದೆ?

ಇದನ್ನು ಬಿಡಿಸುವಾಗ ನಾನು ಸಾಮಾನ್ಯವಾಗಿ ಏನು ಹೇಳುತ್ತೇನೆ ನೋಡಿ. ನೈಟ್ರೋಜನ್‌ನ ಮೋಲಾರ್ ಮಾಸ್ 28, ಹಾಗಾಗಿ 14 ಗ್ರಾಂ ಅಂದ್ರೆ ಅರ್ಧ ಮೋಲ್. ಹೈಡ್ರೋಜನ್‌ದು 2, ಹಾಗಾಗಿ 4 ಗ್ರಾಂ ಅಂದ್ರೆ 2 ಮೋಲ್. ಸಮೀಕರಣದ ಪ್ರಕಾರ ಒಂದು ಮೋಲ್ ನೈಟ್ರೋಜನ್‌ಗೆ ಮೂರು ಮೋಲ್ ಹೈಡ್ರೋಜನ್ ಬೇಕು. ಅರ್ಧ ಮೋಲ್‌ಗೆ ಒಂದೂವರೆ ಬೇಕು. ನಮ್ಮ ಹತ್ತಿರ ಎರಡಿದೆ. ಅಂದ್ರೆ ಹೈಡ್ರೋಜನ್ ಮಿಗುತ್ತದೆ, ನೈಟ್ರೋಜನ್ ಮುಗಿಯುತ್ತದೆ. ಅರ್ಧ ಮೋಲ್ ನೈಟ್ರೋಜನ್‌ಗೆ ಒಂದು ಮೋಲ್ ಅಮೋನಿಯ, ಅಂದ್ರೆ 17 ಗ್ರಾಂ. ಮಿಕ್ಕಿದ ಅರ್ಧ ಮೋಲ್ ಹೈಡ್ರೋಜನ್ 1 ಗ್ರಾಂ. 17 ಮತ್ತು 1 ಸೇರಿ 18, ಹಾಕಿದ್ದೂ 18. ತಾಳೆ ಆಯ್ತು.

ಇಷ್ಟು ಹೇಳೋಕೆ ಒಂದು ನಿಮಿಷ ಸಾಕು. ನನಗೆ ಇದು ತುಂಬಾ ಸರಾಗ. ಆದರೆ "ಒಂದೂವರೆ ಬೇಕು" ಅನ್ನುವ ಹೊತ್ತಿಗೆ ಕೇಳುತ್ತಿರುವ ಹುಡುಗಿಯ ತಲೆಯಲ್ಲಿ ಏನೇನು ಇರಬೇಕು, ಎಣಿಸಿ ನೋಡಿ. ನೈಟ್ರೋಜನ್ ಅರ್ಧ ಮೋಲ್. ಹೈಡ್ರೋಜನ್ ಎರಡು ಮೋಲ್. ಒಂದಕ್ಕೆ ಮೂರು ಅನ್ನುವ ಅನುಪಾತ. ಈಗ ಬಂದ ಒಂದೂವರೆ 'ಬೇಕಾದದ್ದು', ಎರಡು 'ಇರುವುದು' ಅನ್ನುವ ವ್ಯತ್ಯಾಸ. ನಾವು ಹುಡುಕುತ್ತಿರುವುದು ಮೊದಲು ಮುಗಿಯುವುದನ್ನು ಅನ್ನುವ ನೆನಪು. ಇವುಗಳಲ್ಲಿ ಒಂದು ಕೈತಪ್ಪಿದರೂ ಮುಂದಿನ ವಾಕ್ಯಕ್ಕೆ ಅರ್ಥವಿಲ್ಲ.

ಇಷ್ಟನ್ನು ಒಟ್ಟಿಗೆ ಹಿಡಿಯುವ ಜಾಗ ಎಷ್ಟು ದೊಡ್ಡದು ಅನ್ನುವುದೇ ಇಲ್ಲಿನ ಪ್ರಶ್ನೆ.

ಬಿ.ಎಡ್. ಮಾಡಿದವರು ಮಾಹಿತಿ ಸಂಸ್ಕರಣಾ ಮಾದರಿಯನ್ನು ಓದಿರುತ್ತೀರಿ. ಮೂರು ಚೌಕ, ನಡುವೆ ಬಾಣ, ಪರೀಕ್ಷೆಗೆ ಐದು ಅಂಕ. 1968ರಲ್ಲಿ ರಿಚರ್ಡ್ ಅಟ್ಕಿನ್ಸನ್ ಮತ್ತು ರಿಚರ್ಡ್ ಶಿಫ್ರಿನ್ ಅನ್ನುವ ಇಬ್ಬರು ಕೊಟ್ಟ ಚಿತ್ರ ಅದು. ಕಣ್ಣು ಕಿವಿಗೆ ಬಿದ್ದದ್ದು ಮೊದಲು ಒಂದು ಕ್ಷಣಿಕ ದಾಸ್ತಾನಿಗೆ ಬರುತ್ತದೆ. ಅದರಲ್ಲಿ ಗಮನ ಕೊಟ್ಟಷ್ಟು ಭಾಗ ಚಿಕ್ಕ ಅವಧಿಯ ನೆನಪಿಗೆ ಹೋಗುತ್ತದೆ. ಅಲ್ಲಿ ಕೆಲಸ ನಡೆದರೆ ಸ್ವಲ್ಪ ಭಾಗ ದೀರ್ಘ ಅವಧಿಯ ನೆನಪಿಗೆ ಇಳಿಯುತ್ತದೆ. ಮಾದರಿಗೆ ಆಮೇಲೆ ಸಾಕಷ್ಟು ತಿದ್ದುಪಡಿ ಬಂದಿವೆ. ಆದರೂ ಪಾಠ ಮಾಡುವವರಿಗೆ ಇದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಯಾಕಂದ್ರೆ ಎಲ್ಲಿ ಎಷ್ಟು ಸೋರುತ್ತದೆ ಅಂತ ಅದು ಹೇಳುತ್ತದೆ.

ಮೊದಲ ಚೌಕದ್ದು ಬೇಗ ಮುಗಿಸುತ್ತೇನೆ. 1960ರಲ್ಲಿ ಜಾರ್ಜ್ ಸ್ಪರ್ಲಿಂಗ್ ಮೂರು ಸಾಲಿನಲ್ಲಿ ಹನ್ನೆರಡು ಅಕ್ಷರಗಳನ್ನು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಹೊತ್ತು ತೋರಿಸಿದ. ಎಲ್ಲ ಹೇಳಿ ಅಂದರೆ ಜನ ನಾಲ್ಕೈದು ಹೇಳುತ್ತಿದ್ದರು. ಆದರೆ ಅಕ್ಷರ ಮಾಯವಾದ ತಕ್ಷಣ ಒಂದು ಸದ್ದು ಮಾಡಿ, ಆ ಸದ್ದಿನ ಪ್ರಕಾರ ಇಂತಹ ಸಾಲು ಮಾತ್ರ ಹೇಳಿ ಅಂದರೆ, ಯಾವ ಸಾಲು ಕೇಳಿದರೂ ನಾಲ್ಕರಲ್ಲಿ ಮೂರು ಹೇಳುತ್ತಿದ್ದರು. ಅಂದರೆ ಕಂಡದ್ದು ಬಹುತೇಕ ಎಲ್ಲವೂ ಒಳಗೆ ಬಂದಿತ್ತು. ಹೇಳಿ ಮುಗಿಸುವಷ್ಟರಲ್ಲಿ ಮಾಸಿಹೋಗುತ್ತಿತ್ತು. ಕಿವಿಯ ದಾಸ್ತಾನು ಇದಕ್ಕಿಂತ ಸ್ವಲ್ಪ ವಾಸಿ, ಕೆಲವು ಸೆಕೆಂಡು ಇರುತ್ತದೆ. ಯಾರೋ ಮಾತಾಡಿಸಿದಾಗ "ಏನಂದ್ರಿ?" ಅಂತೀವಿ. ಅವರು ಮತ್ತೆ ಹೇಳುವ ಮೊದಲೇ "ಓ, ಹೌದಾ" ಅಂತ ಉತ್ತರ ಕೊಟ್ಟುಬಿಡುತ್ತೀವಿ. ಆ ಉತ್ತರ ಬಂದದ್ದು ಆ ದಾಸ್ತಾನಿನಿಂದಲೇ.

ಪಾಠಕ್ಕೆ ಮುಖ್ಯವಾದದ್ದು ನಡುವಿನ ಚೌಕ. ಈಗ ಅದನ್ನು ವರ್ಕಿಂಗ್ ಮೆಮೊರಿ ಅಂತಾರೆ. ಸುಮ್ನೆ ಇಟ್ಟುಕೊಳ್ಳುವ ಜಾಗ ಅಲ್ಲ, ಇಟ್ಟುಕೊಂಡು ಕೆಲಸವನ್ನೂ ಮಾಡುವ ಜಾಗ. 1956ರಲ್ಲಿ ಜಾರ್ಜ್ ಮಿಲ್ಲರ್ ಬರೆದ ಲೇಖನದಿಂದಾಗಿ ಅಲ್ಲಿ ಹಿಡಿಯುವುದು ಏಳು, ಎರಡು ಹೆಚ್ಚು ಇಲ್ಲವೇ ಎರಡು ಕಡಿಮೆ ಅನ್ನುವ ಸಂಖ್ಯೆ ಎಲ್ಲರ ಬಾಯಲ್ಲಿದೆ. ಈಗ ಅಷ್ಟು ಧಾರಾಳವಾಗಿ ಯಾರೂ ಹೇಳುವುದಿಲ್ಲ. ಬಾಯಲ್ಲೇ ಜಪಿಸಿ ಉಳಿಸಿಕೊಳ್ಳಲು, ಒಂದಕ್ಕೊಂದು ಜೋಡಿಸಿಕೊಳ್ಳಲು ಅವಕಾಶ ಕೊಡದೆ ಅಳೆದರೆ ಉಳಿಯುವುದು ನಾಲ್ಕರ ಆಸುಪಾಸು ಅಂತ 2001ರಲ್ಲಿ ನೆಲ್ಸನ್ ಕವನ್ ವಾದಿಸಿದ. ಪಾಠ ಕೇಳುವಾಗ ಜಪಿಸಲು ಪುರುಸೊತ್ತು ಎಲ್ಲಿರುತ್ತದೆ? ಹಾಗಾಗಿ ತರಗತಿಗೆ ನಾಲ್ಕೇ ಸರಿಯಾದ ಲೆಕ್ಕ ಅಂತ ನಾನು ಇಟ್ಟುಕೊಂಡಿದ್ದೇನೆ. ಮೇಲೆ ಎಣಿಸಿದ್ದು ಅದನ್ನು ದಾಟುತ್ತದೆ, ಅಲ್ವಾ?

ಮತ್ತೆ ಅಲ್ಲಿ ಉಳಿಯುವ ಹೊತ್ತೂ ಕಡಿಮೆ. 1959ರಲ್ಲಿ ಪೀಟರ್ಸನ್ ದಂಪತಿ ಮೂರು ವ್ಯಂಜನ ಕೊಟ್ಟು, ತಕ್ಷಣ ಒಂದು ಸಂಖ್ಯೆಯಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಲು ಹೇಳಿದರು. ಹದಿನೆಂಟು ಸೆಕೆಂಡಿನ ಹೊತ್ತಿಗೆ ಮೂರೇ ಮೂರು ಅಕ್ಷರ ಸರಿಯಾಗಿ ನೆನಪಾಗುತ್ತಿದ್ದದ್ದು ಹತ್ತರಲ್ಲಿ ಒಂದು ಸಲ. ತರಗತಿಯಲ್ಲಿ ನಾವು ಮಾಡಿಸುವುದೂ ಹೆಚ್ಚುಕಡಿಮೆ ಇದನ್ನೇ. "ಅರ್ಧ ಮೋಲ್" ಅಂತ ಕೈಗೆ ಕೊಟ್ಟು, ಅದನ್ನು ಇಟ್ಟುಕೊಳ್ಳುವ ಮೊದಲೇ "ಈಗ ನಾಲ್ಕನ್ನು ಎರಡರಿಂದ ಭಾಗಿಸಿ" ಅಂತೀವಿ.

ನಿಧಾನವಾಗಿ ಮಾತಾಡುವ ಉಪಾಯ ಕೈಕೊಡುವುದು ಇಲ್ಲೇ. ಒಂದು ನಿಮಿಷದ ವಿವರಣೆಯನ್ನು ಎರಡು ನಿಮಿಷಕ್ಕೆ ಎಳೆದರೆ ಹಿಡಿದುಕೊಳ್ಳಬೇಕಾದ ವಸ್ತುಗಳು ಕಡಿಮೆ ಆಗುವುದಿಲ್ಲ. ಅವನ್ನು ಹಿಡಿದುಕೊಂಡಿರಬೇಕಾದ ಹೊತ್ತು ಮಾತ್ರ ಎರಡರಷ್ಟಾಗುತ್ತದೆ. ಪದಗಳ ನಡುವಿನ ಬಿಡುವು ಎಷ್ಟು ಚಿಕ್ಕದೆಂದರೆ ಅದರಲ್ಲಿ ಏನನ್ನೂ ಮಾಡಿಕೊಳ್ಳಲು ಆಗುವುದಿಲ್ಲ. ಅದೇ ಹೆಚ್ಚುವರಿ ನಿಮಿಷವನ್ನು ಒಂದೇ ಕಡೆ, ಮೋಲ್‌ಗೆ ಬದಲಿಸಿದ ಮೇಲೆ, ಗಪ್‌ಚುಪ್ ಬಿಟ್ಟರೆ ಬೇರೆಯೇ ಕತೆ. ಇಂಗ್ಲಿಷಿನಲ್ಲಿ ಪಾಠ ಕೇಳುವ ಅಭ್ಯಾಸವಿಲ್ಲದೆ ಕನ್ನಡ ಮಾಧ್ಯಮದಿಂದ ಬಂದವರಿಗೆ ವಾಕ್ಯ ನಿಧಾನವಾಗುವುದರಿಂದ ಸ್ವಲ್ಪ ಉಪಕಾರ ಇದ್ದೇ ಇದೆ, ಅದನ್ನು ಅಲ್ಲಗಳೆಯಲ್ಲ. ಭಾಷೆ ಬಿಡಿಸಿಕೊಳ್ಳುವುದಕ್ಕೂ ಅದೇ ನಾಲ್ಕು ಜಾಗದಲ್ಲಿ ಪಾಲು ಬೇಕು. ಆದರೆ ಅದು ಭಾಷೆಯ ತೊಂದರೆಗೆ ಮದ್ದು, ಲೆಕ್ಕದ ತೊಂದರೆಗಲ್ಲ.

ನಾಲ್ಕು ಅಂದರೆ ಯಾವ ನಾಲ್ಕು ಅನ್ನುವುದು ಇನ್ನೊಂದು ವಿಷಯ. ಮಿಲ್ಲರ್ ಎಣಿಸಿದ್ದು ಅಂಕೆ ಅಕ್ಷರಗಳನ್ನಲ್ಲ, ಗಂಟುಗಳನ್ನು. ಮೊದಲೇ ಗೊತ್ತಿರುವ ಹತ್ತು ಸಂಗತಿ ಒಂದು ಗಂಟಾಗಿ ಕಟ್ಟಿಕೊಂಡಿದ್ದರೆ ಅದು ಒಂದೇ ಜಾಗ ತಗೊಳ್ಳುತ್ತದೆ. ಇದರ ಬಗ್ಗೆ ಎಲ್ಲರೂ ಹೇಳುವ ಪ್ರಯೋಗ 1973ರದ್ದು, ಚೇಸ್ ಮತ್ತು ಸೈಮನ್ ಅವರದ್ದು. ನಡೆಯುತ್ತಿರುವ ಆಟದ ಚೆಸ್ ಹಲಗೆಯನ್ನು ಐದು ಸೆಕೆಂಡು ತೋರಿಸಿದರೆ ಪಳಗಿದ ಆಟಗಾರ ಬಹಳಷ್ಟು ಕಾಯಿಗಳನ್ನು ಸರಿಯಾದ ಜಾಗದಲ್ಲಿ ಇಡುತ್ತಾನೆ, ಹೊಸಬ ಕೆಲವನ್ನು ಮಾತ್ರ. ಅದೇ ಕಾಯಿಗಳನ್ನು ಬೇಕಾಬಿಟ್ಟಿ ಹರಡಿ ತೋರಿಸಿದರೆ ಇಬ್ಬರ ನಡುವಿನ ಅಂತರ ಬಹುಮಟ್ಟಿಗೆ ಕಾಣೆಯಾಗುತ್ತದೆ. ಪಳಗಿದವನ ವರ್ಕಿಂಗ್ ಮೆಮೊರಿ ದೊಡ್ಡದಲ್ಲ. ಅವನ ದೀರ್ಘ ನೆನಪಿನಲ್ಲಿ ಕಟ್ಟಿಟ್ಟ ಗಂಟುಗಳಿವೆ.

ಲೆಕ್ಚರರ್‌ಗಳಾದ ನಾವು ಆ ಪಳಗಿದ ಆಟಗಾರರು. "14 ಗ್ರಾಂ ನೈಟ್ರೋಜನ್" ಅಂದ ಕೂಡಲೇ ನನಗೆ ಅರ್ಧ ಮೋಲ್ ಕಾಣುತ್ತದೆ. ನಾನು ಭಾಗಿಸುವುದೇ ಇಲ್ಲ. ಒಂದಕ್ಕೆ ಮೂರು ಅನ್ನುವುದು ಸಮೀಕರಣ ನೋಡಿದರೇ ಬರುತ್ತದೆ. ಇಡೀ ಲೆಕ್ಕ ನನಗೆ ಎರಡು ಗಂಟು. ಆದ್ದರಿಂದ ಪಾಠದ ವೇಗವನ್ನು ನನ್ನ ತಲೆಯಿಂದ ಅಳೆಯುವುದರಲ್ಲಿ ಅರ್ಥವೇ ಇಲ್ಲ. ನನಗೆ ಬೇಜಾರಾಗುವಷ್ಟು ನಿಧಾನ ಅನಿಸಿದರೂ ಅವರಿಗೆ ಜಾಸ್ತಿ ಆಗಿರಬಹುದು.

ಇನ್ನು ಬರೆಯುವ ವಿಚಾರ. ಮಾತು ಸೆಕೆಂಡಿಗೆ ಎರಡು ಮೂರು ಪದ ಹೋಗುತ್ತದೆ. ಕೈಬರಹ ಅದರ ಹತ್ತನೇ ಒಂದು ಭಾಗದ ವೇಗದಲ್ಲಿ ಸಾಗುತ್ತದೆ. ನೋಟ್ಸ್ ಬರೆಯುವ ಹುಡುಗ ಕಳೆದ ವಾಕ್ಯವನ್ನು ಒಳಗೇ ಗುನುಗುತ್ತಾ ಬರೆಯುತ್ತಿರುತ್ತಾನೆ, ಈ ವಾಕ್ಯವನ್ನು ಕೇಳಬೇಕಾಗಿರುತ್ತದೆ. ಗುನುಗುವ ಈ ಭಾಗವನ್ನು ಬೇರೆಯಾಗಿ ಗುರುತಿಸಿದವರು ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್, 1974ರಲ್ಲಿ. ಒಂದು ಚಿಕ್ಕ ಟೇಪಿನ ಸುರುಳಿ ಅಂದುಕೊಳ್ಳಿ. ಸುಮಾರು ಎರಡು ಸೆಕೆಂಡಿನಲ್ಲಿ ಹೇಳಿ ಮುಗಿಸಬಹುದಾದಷ್ಟು ಮಾತ್ರ ಅದರಲ್ಲಿ ಹಿಡಿಯುತ್ತದೆ, ಹೊಸ ಮಾತು ಕಿವಿಗೆ ಬಿದ್ದರೆ ಹಳೆಯದರ ಮೇಲೆ ಗೀಚಿದಂತಾಗುತ್ತದೆ.

ಎರಡು ಸೆಕೆಂಡಿನ ಈ ಮಿತಿಯಿಂದ ಒಂದು ಮಜಾ ಇದೆ. ವೆಲ್ಶ್ ಭಾಷೆಯಲ್ಲಿ ಅಂಕೆಗಳನ್ನು ಹೇಳಲು ಇಂಗ್ಲಿಷಿಗಿಂತ ಜಾಸ್ತಿ ಹೊತ್ತು ಬೇಕು. ಎರಡೂ ಬಲ್ಲವರು ವೆಲ್ಶ್‌ನಲ್ಲಿ ಕಡಿಮೆ ಅಂಕೆ ನೆನಪಿಟ್ಟುಕೊಳ್ಳುತ್ತಾರೆ ಅಂತ 1980ರಲ್ಲೇ ತೋರಿಸಿದ್ದಾರೆ. ನಾವು ಕನ್ನಡದಲ್ಲಿ ಮಾತಾಡುತ್ತಾ ಇದ್ದು ಫೋನ್ ನಂಬರ್ ಮಾತ್ರ "ನೈನ್ ಎಯ್ಟ್ ಡಬಲ್ ಫೋರ್" ಅಂತ ಹೇಳುವುದಕ್ಕೆ ಶಾಲೆಯ ಅಭ್ಯಾಸ ಮುಖ್ಯ ಕಾರಣ ಇರಬಹುದು. ಆದರೂ ಒಂಬತ್ತು, ಎಂಟು, ನಾಲ್ಕು, ನಾಲ್ಕು ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ, ಸುರುಳಿ ಎಷ್ಟು ಬೇಗ ತುಂಬುತ್ತದೆ ಅಂತ.

ತರಗತಿಗೆ ಬಂದರೆ ಇದರ ಅರ್ಥ ಸರಳ. ಅವರು ಲೆಕ್ಕ ಮಾಡುತ್ತಿರುವಾಗ ನಾನು ಬಾಯಿ ಮುಚ್ಚಿಕೊಂಡಿರಬೇಕು. "ಆಯ್ತಾ? ಆಯ್ತಾ? ಕೆಳಗೆ 28 ಬರುತ್ತೆ ನೋಡಿ, ಇದು ಸಿಇಟಿಗೂ ಬರುತ್ತೆ" ಅಂತ ಪ್ರೀತಿಯಿಂದಲೇ ಹೇಳುತ್ತಿರುತ್ತೀವಿ. ಪ್ರತಿ ಮಾತೂ ಅವರ ಸುರುಳಿಯ ಮೇಲೆ ಬೀಳುತ್ತಿರುತ್ತದೆ.

ಇದನ್ನೆಲ್ಲ ಇಟ್ಟುಕೊಂಡು ನಾನು ಈಗ ಆ ಪಾಠವನ್ನು ಹೇಗೆ ಹಂಚುತ್ತೇನೆ ಅಂದ್ರೆ, ಲಿಮಿಟಿಂಗ್ ರೀಏಜೆಂಟ್ ಅನ್ನುವ ಹೆಸರನ್ನು ಮೊದಲ ಅರ್ಧ ಗಂಟೆ ಎತ್ತುವುದೇ ಇಲ್ಲ. ಮೊದಲು ಗ್ರಾಂನಿಂದ ಮೋಲ್ ಮಾತ್ರ. ಸಮೀಕರಣ ಇಲ್ಲ, ಕ್ರಿಯೆ ಇಲ್ಲ. 14 ಗ್ರಾಂ ನೈಟ್ರೋಜನ್, 4 ಗ್ರಾಂ ಹೈಡ್ರೋಜನ್, 8 ಗ್ರಾಂ ಆಕ್ಸಿಜನ್, ಹೀಗೆ ಒಂದಾದ ಮೇಲೆ ಒಂದು. ಬೇಜಾರು ಬರುವಷ್ಟು ಮಾಡಿಸುತ್ತೇನೆ. ಭಾಗಿಸುವುದಕ್ಕೆ ಯೋಚನೆ ಬೇಡ ಅನ್ನುವ ಹಂತ ಬಂದರೆ ಒಂದು ಗಂಟು ಕಟ್ಟಿದಂತೆ. ಆಮೇಲೆ ಗ್ರಾಂ ಬಿಟ್ಟುಬಿಡುತ್ತೇನೆ. ಸಮೀಕರಣ ಬೋರ್ಡಿನ ಎಡ ಮೂಲೆಯಲ್ಲಿ ಬರೆದು, ಬರೀ ಮೋಲ್‌ಗಳಲ್ಲಿ ಕೇಳುತ್ತೇನೆ. ನೈಟ್ರೋಜನ್ 2 ಮೋಲ್ ಇದ್ದರೆ ಹೈಡ್ರೋಜನ್ ಎಷ್ಟು ಬೇಕು? ಅರ್ಧ ಮೋಲ್ ಇದ್ದರೆ? ಇದು ಎರಡನೇ ಗಂಟು. ಇವೆರಡೂ ಆದ ಮೇಲೆ 14 ಗ್ರಾಂ, 4 ಗ್ರಾಂ ಲೆಕ್ಕ ಬರುತ್ತದೆ. ಆಗ ಹೊಸದು ಅಂತ ಇರುವುದು ಒಂದೇ, 'ಬೇಕಾದದ್ದು' ಮತ್ತು 'ಇರುವುದು' ಇವನ್ನು ಹೋಲಿಸುವುದು. ಆ ಎರಡು ಪದಗಳನ್ನು ಬೋರ್ಡಿನಲ್ಲಿ ಅಕ್ಕಪಕ್ಕ ಬರೆದು ಕೆಳಗೆ 1.5, 2 ಅಂತ ಹಾಕುತ್ತೇನೆ. ಪೀರಿಯಡ್ ಮುಗಿಯುವ ತನಕ ಒರೆಸುವುದಿಲ್ಲ.

ಒರೆಸದಿರುವುದು ಸಣ್ಣ ವಿಷಯ ಅನಿಸಬಹುದು. ಬೋರ್ಡಿನಲ್ಲಿ ಉಳಿದದ್ದನ್ನು ತಲೆಯಲ್ಲಿ ಹೊರಬೇಕಿಲ್ಲ, ಬೇಕಾದಾಗ ಕಣ್ಣೆತ್ತಿದರೆ ಸಾಕು. ಪ್ರೊಜೆಕ್ಟರ್‌ನಲ್ಲಿ ಸ್ಲೈಡ್ ಬದಲಾಯಿತೆಂದರೆ ಹಿಂದಿನದು ಹೋಯಿತು. ಸಮೀಕರಣ ಒಂದು ಸ್ಲೈಡಿನಲ್ಲಿ, ಲೆಕ್ಕ ಮುಂದಿನ ಸ್ಲೈಡಿನಲ್ಲಿ ಇದ್ದರೆ ಆ ಅನುಪಾತವನ್ನು ತಲೆಯಲ್ಲೇ ಹೊತ್ತು ತರಬೇಕು. ಸ್ಮಾರ್ಟ್ ಕ್ಲಾಸ್ ಬಂದಮೇಲೆ ಹಳೆಯ ಉದ್ದದ ಕರಿಹಲಗೆಯ ಬೆಲೆ ಗೊತ್ತಾಗಿದ್ದು ನನಗೆ ಇಂಥ ಲೆಕ್ಕಗಳಲ್ಲೇ.

ಸಂಖ್ಯೆಗಳನ್ನೂ ಬೇಕೆಂದೇ ಹೀಗೆ ಆರಿಸಿದ್ದು. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಇದೇ ಕ್ರಿಯೆಗೆ ಕೊಟ್ಟ ಲೆಕ್ಕದಲ್ಲಿ 50 ಕೆಜಿ ನೈಟ್ರೋಜನ್, 10 ಕೆಜಿ ಹೈಡ್ರೋಜನ್ ಇದೆ. ಕೆಜಿಯನ್ನು ಗ್ರಾಂಗೆ ತರಬೇಕು, ಹತ್ತರ ಘಾತ ಬರುತ್ತದೆ, 2.016ರಿಂದ ಭಾಗಿಸಬೇಕು. ಒಳ್ಳೆಯ ಲೆಕ್ಕವೇ, ಆದರೆ ಮೊದಲನೆಯದಾಗಿ ಅಲ್ಲ. ಅಲ್ಲಿ ನಾಲ್ಕು ಜಾಗಗಳನ್ನೂ ಭಾಗಾಕಾರವೇ ತಿಂದುಬಿಡುತ್ತದೆ. ಜಾನ್ ಸ್ವೆಲ್ಲರ್ ಎಂಬತ್ತರ ದಶಕದಿಂದ ಹೇಳುತ್ತಾ ಬಂದದ್ದು ಇದನ್ನೇ. ಹೊರೆ ವಿಷಯದಿಂದ ಬರಲಿ, ನಾವು ಕೊಡುವ ರೀತಿಯಿಂದ ಬರಲಿ, ಹೊರುವ ಜಾಗ ಒಂದೇ.

ಹೊರೆ ಮೀರಿತು ಅಂತ ಗೊತ್ತಾಗುವುದು ಹೇಗೆ? ಮುಖ ನೋಡಿದರೆ ಗೊತ್ತಾಗಲ್ಲ. ಬರೆಯುತ್ತಾ ತಲೆ ಅಲ್ಲಾಡಿಸುತ್ತಿರುವವರೇ ಹೆಚ್ಚು ಕಳೆದುಹೋಗಿರುತ್ತಾರೆ. ತಪ್ಪುಗಳನ್ನು ನೋಡಬೇಕು. ಜಾಗ ಸಾಲದಾದಾಗ ಮಕ್ಕಳು ಲೆಕ್ಕ ಬಿಡುವುದಿಲ್ಲ, ಕೈಯಲ್ಲಿ ಉಳಿದಿರುವುದರಲ್ಲೇ ಮುಗಿಸುತ್ತಾರೆ. ಈ ಲೆಕ್ಕದಲ್ಲಿ ಅದು ಎರಡು ಥರ ಕಾಣಿಸುತ್ತದೆ. ಒಂದು, ಗ್ರಾಂಗಳನ್ನೇ ಹೋಲಿಸುವುದು: "ಸರ್, ಹೈಡ್ರೋಜನ್ ನಾಲ್ಕೇ ಇದೆ, ಅದೇ ಮುಗಿಯತ್ತೆ." ಇನ್ನೊಂದು, ಮೋಲ್‌ಗೆ ಬದಲಿಸಿ, ಅನುಪಾತ ಮರೆತು, ಅರ್ಧವನ್ನು ಎರಡರ ಜೊತೆ ಹೋಲಿಸುವುದು. ಎರಡನೆಯವರಿಗೆ ಉತ್ತರ ನೈಟ್ರೋಜನ್ ಅಂತ ಬರುತ್ತದೆ. ಅಂದರೆ ದಾರಿ ತಪ್ಪಿದ್ದರೂ ಉತ್ತರ ಸರಿ! ಒಂದೇ ಲೆಕ್ಕ ಕೊಟ್ಟು ಕೈ ಎತ್ತಿಸಿದರೆ ಇವರೆಲ್ಲ ಅರ್ಥವಾದವರ ಗುಂಪಿಗೆ ಸೇರುತ್ತಾರೆ, ನಾವು ಮುಂದೆ ಹೋಗುತ್ತೇವೆ.

ಅದಕ್ಕೆ ಎರಡನೇ ಲೆಕ್ಕ ಬೇಕು. 28 ಗ್ರಾಂ ನೈಟ್ರೋಜನ್, 3 ಗ್ರಾಂ ಹೈಡ್ರೋಜನ್. ಒಂದು ಮೋಲ್, ಒಂದೂವರೆ ಮೋಲ್. ಬೇಕಾದ ಹೈಡ್ರೋಜನ್ ಮೂರು, ಇರುವುದು ಒಂದೂವರೆ, ಹಾಗಾಗಿ ಇಲ್ಲಿ ಮುಗಿಯುವುದು ಹೈಡ್ರೋಜನ್. ಬರೀ ಮೋಲ್ ಹೋಲಿಸಿದವರು ನೈಟ್ರೋಜನ್ ಅಂತ ಬರೆದು ಸಿಕ್ಕಿಬೀಳುತ್ತಾರೆ. ಗ್ರಾಂ ಹೋಲಿಸುವವರು ಮೊದಲ ಲೆಕ್ಕದಲ್ಲೇ ಸಿಕ್ಕಿರುತ್ತಾರೆ. ಎರಡೂ ಸರಿ ಬಂದವರು ಮಾತ್ರ ಅನುಪಾತ ಬಳಸಿದ್ದಾರೆ. ಮುಂದೆ ಹೋಗಬೇಕಾ, ನಿಲ್ಲಬೇಕಾ ಅನ್ನುವುದನ್ನು ನಾನು ಗಡಿಯಾರ ನೋಡಿ ತೀರ್ಮಾನಿಸುವುದಿಲ್ಲ, ಈ ಎರಡು ಉತ್ತರ ನೋಡಿ ತೀರ್ಮಾನಿಸುತ್ತೇನೆ.

ಗಡಿಯಾರದ ಮಾತು ಬಂತು. ವಿದ್ಯಾರ್ಥಿಗಳ ಗಮನ ಹತ್ತು ಹದಿನೈದು ನಿಮಿಷ ಮಾತ್ರ ನಿಲ್ಲುತ್ತದೆ ಅಂತ ಪ್ರತಿ ತರಬೇತಿಯಲ್ಲೂ ಹೇಳುತ್ತಾರೆ. 2007ರಲ್ಲಿ ವಿಲ್ಸನ್ ಮತ್ತು ಕಾರ್ನ್ ಅನ್ನುವವರು ಇದರ ಮೂಲ ಹುಡುಕುತ್ತಾ ಹೋದರು. ಅದನ್ನು ಹೊರುವಷ್ಟು ಗಟ್ಟಿ ಆಧಾರ ಅವರಿಗೆ ಸಿಗಲಿಲ್ಲ. ನಡುವೆ ನಿಲ್ಲಿಸುವುದರಿಂದ ಉಪಯೋಗ ಇದೆ ಅನ್ನುವುದಕ್ಕೆ ಮಾತ್ರ ಒಳ್ಳೆಯ ಪುರಾವೆ ಇದೆ. 1987ರಲ್ಲಿ ರೂಲ್ ಮತ್ತು ಜೊತೆಯವರು ಒಂದು ಉಪನ್ಯಾಸದಲ್ಲಿ ಮೂರು ಸಲ, ಎರಡೆರಡು ನಿಮಿಷ ನಿಲ್ಲಿಸಿದರು. ಆ ಹೊತ್ತಿನಲ್ಲಿ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ತಮ್ಮ ನೋಟ್ಸ್ ತಾಳೆ ನೋಡಬೇಕು, ಮೇಷ್ಟ್ರು ತಲೆ ಹಾಕಬಾರದು. ನಿಲ್ಲಿಸದೆ ಪಾಠ ಕೇಳಿದವರಿಗಿಂತ ಇವರಿಗೆ ಆಗಲೂ, ಆಮೇಲಿನ ಪರೀಕ್ಷೆಯಲ್ಲೂ ಜಾಸ್ತಿ ನೆನಪಿತ್ತು. ನಾನು ಆ ಬಿಡುವುಗಳನ್ನು ನಿಮಿಷದ ಲೆಕ್ಕದಲ್ಲಿ ಇಡುವುದಿಲ್ಲ. ಒಂದು ಗಂಟು ಕಟ್ಟುವ ಜಾಗದಲ್ಲಿ ಇಡುತ್ತೇನೆ. ಅದು ಎಂಟನೇ ನಿಮಿಷಕ್ಕೆ ಬರಬಹುದು, ಇಪ್ಪತ್ತಕ್ಕೂ ಬರಬಹುದು.

"ಹೀಗೆ ಮಾಡ್ತಾ ಕೂತ್ರೆ ಪೋರ್ಷನ್ ಮುಗಿಯಲ್ಲ ಕಣ್ರೀ" ಅಂತ ನಮ್ಮ ಸ್ಟಾಫ್ ರೂಮಿನ ಹಿರಿಯರೊಬ್ಬರು ಹೇಳುತ್ತಿರುತ್ತಾರೆ. ತಳ್ಳಿಹಾಕುವ ಮಾತಲ್ಲ. ಆದರೆ ಮೂರು ಬಿಡುವು ಅಂದರೆ ಆರು ನಿಮಿಷ. ವ್ಯಾಖ್ಯೆಗಳನ್ನು ಡಿಕ್ಟೇಟ್ ಮಾಡುವುದನ್ನು ಬಿಟ್ಟರೆ ಅಷ್ಟು ಸಿಗುತ್ತದೆ. ಎಲ್ಲ ಪಾಠಕ್ಕೂ ಇದು ಬೇಕಿಲ್ಲ ಕೂಡ. ಪೀರಿಯಾಡಿಕ್ ಟೇಬಲ್‌ನ ಚರಿತ್ರೆ ಹೇಳುವಾಗ ಒಂದು ಸಂಗತಿ ಇನ್ನೊಂದಕ್ಕೆ ಅಷ್ಟಾಗಿ ಅಂಟಿಕೊಂಡಿರುವುದಿಲ್ಲ. ಒಂದು ತಪ್ಪಿದರೆ ಒಂದೇ ಹೋಗುತ್ತದೆ. ಅಲ್ಲಿ ಬೇಗ ಹೋಗಬಹುದು, ನಾನು ಹೋಗುತ್ತೇನೆ.

ನಿಜವಾದ ತೊಡಕು ಬೇರೆ ಇದೆ. ಅದೇ ತರಗತಿಯಲ್ಲಿ ಕೋಚಿಂಗ್‌ಗೆ ಹೋಗುವ ನಾಲ್ಕೈದು ಮಂದಿ ಇರುತ್ತಾರೆ. ಅವರ ಗಂಟುಗಳು ಮೊದಲೇ ಕಟ್ಟಿವೆ. ಬಿಡಿಬಿಡಿಯಾಗಿ ಹೇಳಿದರೆ ಹೊಸಬರಿಗೆ ಉಪಕಾರ, ಬಲ್ಲವರಿಗೆ ಅದೇ ಅಡ್ಡಿ. ಗೊತ್ತಿರುವುದನ್ನೂ ನಮ್ಮ ವಿವರಣೆಯ ಜೊತೆ ಅವರು ತಾಳೆ ಹಾಕುತ್ತಾ ಕೂರಬೇಕಾಗುತ್ತದೆ. ಹಾಗಾಗಿ ಬಿಡುವಿನ ಹೊತ್ತಿಗೆ ಅವರಿಗೆ ಬೇರೆ ಕೆಲಸ ಕೊಡುತ್ತೇನೆ. ಗ್ರಾಂ ಹೋಲಿಸುವವರನ್ನೂ ಮೋಲ್ ಹೋಲಿಸುವವರನ್ನೂ ಒಂದೇ ಏಟಿಗೆ ಹಿಡಿಯುವ ಲೆಕ್ಕ ಮಾಡಿಕೊಡಿ ಅಂತ.

ಅಮೋನಿಯದಲ್ಲಿ ಆಗುವುದಿಲ್ಲ. ನೈಟ್ರೋಜನ್ ಮುಗಿಯಬೇಕಾದರೆ ಹೈಡ್ರೋಜನ್‌ನ ಮೋಲ್ ಅದರ ಮೂರರಷ್ಟಕ್ಕಿಂತ ಜಾಸ್ತಿ ಇರಲೇಬೇಕು, ಆಗ ಬರೀ ಮೋಲ್ ಹೋಲಿಸಿದವನಿಗೂ ಸರಿ ಉತ್ತರ ಸಿಗುತ್ತದೆ. ಹೈಡ್ರೋಜನ್ ಮುಗಿಯುವಂತೆ ಮಾಡಿದರೆ ಗ್ರಾಂನಲ್ಲೂ ಅದು ಕಡಿಮೆಯೇ ಇರುತ್ತದೆ, ಗ್ರಾಂ ಹೋಲಿಸಿದವನು ಪಾರಾಗುತ್ತಾನೆ. ಇದನ್ನು ಕಂಡುಕೊಳ್ಳುವುದಕ್ಕೇ ಅವರಿಗೆ ಹೊತ್ತು ಹಿಡಿಯುತ್ತದೆ. ಕಳೆದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕ್ರಿಯೆಯನ್ನೇ ಬದಲಿಸಿ ತಂದಳು: 2CO + O₂ → 2CO₂. 42 ಗ್ರಾಂ ಕಾರ್ಬನ್ ಮಾನಾಕ್ಸೈಡ್, 32 ಗ್ರಾಂ ಆಕ್ಸಿಜನ್. ಒಂದೂವರೆ ಮೋಲ್, ಒಂದು ಮೋಲ್. ಗ್ರಾಂನಲ್ಲಿ ನೋಡಿದರೂ ಮೋಲ್‌ನಲ್ಲಿ ನೋಡಿದರೂ ಆಕ್ಸಿಜನ್ ಕಡಿಮೆ. ಆದರೆ ಬೇಕಾದ ಆಕ್ಸಿಜನ್ ಮುಕ್ಕಾಲು ಮೋಲ್ ಮಾತ್ರ. ಮುಗಿಯುವುದು ಕಾರ್ಬನ್ ಮಾನಾಕ್ಸೈಡ್. 66 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, 8 ಗ್ರಾಂ ಆಕ್ಸಿಜನ್ ಮಿಗುತ್ತದೆ. ಈ ವರ್ಷದಿಂದ ಪಾಠ ಮುಗಿದ ಮೇಲೆ ನಾನು ಹಾಕುವ ಲೆಕ್ಕ ಅದೇ.